ಉಪ್ಪಿನಕಾಯಿ ಕೊರಿಯರ್‌ನಲ್ಲಿ ಕಳಿಸುವವರಿಗೆ

ಕಲಬುರಗಿಯ ನಮ್ಮ ವೈನಿಯವರಿಗೆ ಮೊನ್ನೆ ಆನ್‌ಲೈನ್‌ನಲ್ಲಿ ಮೊದಲ ಆರ್ಡರ್ ಬಂತು. ಬೆಂಗಳೂರಿಗೆ ಒಂದು ಕೆ.ಜಿ. ಮಾವಿನಕಾಯಿ ಉಪ್ಪಿನಕಾಯಿ. ರುಚಿಯ ಚಿಂತೆ ಇರಲಿಲ್ಲ, ಎಣ್ಣೆ ಸೋರುವುದೇ ದೊಡ್ಡ ಚಿಂತೆ. ನಮ್ಮ ಬಿಸಿಲಿಗೆ ಎಣ್ಣೆ ತೆಳ್ಳಗಾಗಿ ಸಣ್ಣ ಸಂದಿಯಲ್ಲೂ ಹೊರಗೆ ಬರುತ್ತದೆ ಅಲ್ವಾ?

ಗಾಜಿನ ಬಾಟಲಿ ಬೇಡ ಅಂತ ಅರ್ಧ ಅರ್ಧ ಕೆ.ಜಿ.ಯ ಎರಡು ದಪ್ಪ ಪೌಚ್ ತೆಗೆದುಕೊಂಡರು. ಮೊದಲನೆಯದಕ್ಕೆ ಸೀಲ್ ನಿಲ್ಲಲೇ ಇಲ್ಲ. ತುಂಬುವಾಗ ಬಾಯಿಯ ಒಳಗಡೆ ಎಣ್ಣೆ ಹತ್ತಿತ್ತು. ಎಣ್ಣೆ ಇದ್ದಲ್ಲಿ ಪ್ಲಾಸ್ಟಿಕ್ ಸರಿಯಾಗಿ ಬೆಸೆಯುವುದಿಲ್ಲ, ಮೇಲೆ ನೋಡಿದರೆ ಗೊತ್ತೂ ಆಗುವುದಿಲ್ಲ. ಆಮೇಲೆ ಪೌಚಿನ ಬಾಯನ್ನು ಹೊರಕ್ಕೆ ಮಡಚಿ, ಅಗಲ ಬಾಯಿಯ ಲಾಳಿಕೆ ಇಟ್ಟು ತುಂಬಿದರು. ಮೇಲೆ ಮೂರು ಬೆರಳು ಜಾಗ ಬಿಟ್ಟರು. ಬಾಯನ್ನು ಒಣ ಬಟ್ಟೆಯಿಂದ ಒರೆಸಿ, ಗಾಳಿ ಒತ್ತಿ ತೆಗೆದು, ಸ್ವಲ್ಪ ಅಂತರದಲ್ಲಿ ಎರಡು ಸಾಲು ಸೀಲ್ ಹಾಕಿದರು.

ಇನ್ನು ಪರೀಕ್ಷೆ. ಇದನ್ನು ಯಾರೂ ಬಿಡಬೇಡಿ. ಪೌಚನ್ನು ಹಳೆ ಪೇಪರ್ ಮೇಲೆ ಮಲಗಿಸಿ, ಮೇಲೆ ಅಕ್ಕಿ ಚೀಲ ಇಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪೇಪರ್ ಮೇಲೆ ಎಣ್ಣೆ ಕಲೆ ಕಂಡರೆ ಅದು ಕಳಿಸುವಂಥದ್ದಲ್ಲ.

ಹೊಸದಾಗಿ ಕಲಸಿದ್ದನ್ನು ಕಳಿಸಬೇಡಿ. ಉಪ್ಪಿಗೆ ಹೋಳು ನೀರು ಬಿಟ್ಟು, ಮೆತ್ತಗಾಗಿ, ಎಣ್ಣೆ ಮೇಲೆ ನಿಂತ ಮೇಲೆ ತುಂಬಿ. ಲೇಬಲ್ ಮೇಲೆ ಮಾಡಿದ ದಿನಾಂಕ, ಪದಾರ್ಥ, ತೂಕದ ಜೊತೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ FSSAI ನೋಂದಣಿ ಸಂಖ್ಯೆಯೂ ಇರಬೇಕು. ಅದು ಮನೆಯಲ್ಲಿ ಮಾಡಿ ಮಾರುವವರಿಗೂ ಬೇಕು.