ಒಂದೇ ಪಟ್ಟಿ, ನಾಲ್ಕು ಪತ್ರ: ಏರ್ ಲೀಕ್ ಸರ್ವೆಯ ಪ್ರಚಾರವನ್ನು ವಿಂಗಡಿಸಿದ ಬಗೆ

ಕಾರ್ಖಾನೆಗಳಲ್ಲಿ ಕಂಪ್ರೆಸರ್ ಗಾಳಿ ಎಲ್ಲೆಲ್ಲಿ ಸೋರುತ್ತಿದೆ ಎಂದು ಹುಡುಕಿ, ಗುರುತು ಹಾಕಿ, ನಷ್ಟದ ಲೆಕ್ಕ ಕೊಡುವುದು ನಮ್ಮ ಕೆಲಸ. ಪೀಣ್ಯ, ಬೊಮ್ಮಸಂದ್ರ, ದಾಬಸ್‌ಪೇಟೆ ಕಡೆಯ ಘಟಕಗಳ 310 ಹೆಸರು ಪಟ್ಟಿಯಲ್ಲಿದ್ದವು. ಎಲ್ಲರಿಗೂ 'ಕರೆಂಟ್ ಬಿಲ್ ಉಳಿಸಿ' ಎಂಬ ಒಂದೇ ಇಮೇಲ್ ಕಳಿಸಬಹುದಿತ್ತು. ಆದರೆ ಆ ಮಾತು ತಾಗುವುದು ಬಿಲ್ ಕಟ್ಟುವ ಮಾಲೀಕರಿಗೆ. ಮೇಂಟೆನೆನ್ಸ್ ನೋಡಿಕೊಳ್ಳುವವರಿಗೆ ಅದೇ ಮಾತು 'ನಿಮ್ಮ ಲೈನ್ ಸರಿಯಿಲ್ಲ' ಎಂಬ ದೂರಿನಂತೆ ಕೇಳಿಸುತ್ತದೆ. ಹಾಗಾಗಿ ಪಟ್ಟಿಯನ್ನು ಮೊದಲು ಹುದ್ದೆಯ ಮೇಲೆ, ಆಮೇಲೆ ತೊಂದರೆಯ ಮೇಲೆ ಒಡೆದೆವು.

ಹುದ್ದೆಯ ಕಾಲಂ ಯಾವ ಪಟ್ಟಿಯಲ್ಲೂ ಒಂದೇ ರೀತಿ ಇರುವುದಿಲ್ಲ. ಒಬ್ಬರೇ ಒಂದು ಕಡೆ `Maint. Mgr`, ಇನ್ನೊಂದು ಕಡೆ `Sr Engr - Utilities` ಆಗಿರುತ್ತಾರೆ. ಗೂಗಲ್ ಶೀಟ್ಸ್‌ನಲ್ಲಿ ಈ ಸೂತ್ರ ಹಾಕಿದೆವು. ಹುದ್ದೆ C ಕಾಲಂನಲ್ಲಿದೆ:

```
=IFS(
REGEXMATCH(LOWER(C2),"purchase|procure"),"PUR",
REGEXMATCH(LOWER(C2),"maint|utilit"),"MNT",
REGEXMATCH(LOWER(C2),"plant|works|production"),"PLT",
REGEXMATCH(LOWER(C2),"director|proprietor|partner|\bmd\b"),"OWN",
TRUE,"CHK")
```

ಇಲ್ಲಿ ಸಾಲುಗಳ ಕ್ರಮ ಮುಖ್ಯ, ಏಕೆಂದರೆ ಮೊದಲು ಹೊಂದಿದ ಸಾಲೇ ಗೆಲ್ಲುತ್ತದೆ. `Plant Maintenance Manager` ಎಂಬವರು ಮೇಂಟೆನೆನ್ಸ್‌ಗೆ ಸೇರಬೇಕಾದರೆ `maint` ಸಾಲು `plant` ಸಾಲಿಗಿಂತ ಮೇಲಿರಬೇಕು. ಕ್ರಮ ಸರಿಯಿದ್ದರೂ ತಪ್ಪು ನುಸುಳುತ್ತದೆ: `HR Business Partner` ಸೀದಾ ಮಾಲೀಕರ ಗುಂಪಿಗೆ ಹೋಗಿ ಕೂರುತ್ತಾರೆ. ಆದ್ದರಿಂದ ಒಂದೊಂದು ಗುಂಪನ್ನೂ ಫಿಲ್ಟರ್ ಮಾಡಿ ಹುದ್ದೆಗಳನ್ನು ಒಮ್ಮೆ ಕಣ್ಣಾರೆ ಓದಲೇಬೇಕು. 310 ಸಾಲಿಗೆ ಅದು ಅರ್ಧ ಗಂಟೆಯ ಕೆಲಸ. ಕೊನೆಗೆ ಮಾಲೀಕರು 118, ಪ್ಲಾಂಟ್ ಮುಖ್ಯಸ್ಥರು 74, ಮೇಂಟೆನೆನ್ಸ್ 66, ಪರ್ಚೇಸ್ 31, ಏನೆಂದು ಗೊತ್ತಾಗದವರು 21 ಆದರು. ಪರ್ಚೇಸ್‌ನವರನ್ನು ಈ ಸುತ್ತಿನಿಂದ ಪೂರ್ತಿ ಕೈಬಿಟ್ಟೆವು. ಒಳಗಿನಿಂದ ಯಾರೂ ಕೇಳದ ಸೇವೆಯ ಪತ್ರ ಅವರ ಕೈಗೆ ಹೋದರೆ ಬರುವ ಉತ್ತರ ಒಂದೇ, 'ಕೊಟೇಶನ್ ಕಳಿಸಿ'. ಮಾತು ಅಲ್ಲಿಗೇ ನಿಲ್ಲುತ್ತದೆ.

ತೊಂದರೆಯನ್ನು ಗುರುತಿಸುವುದು ಇದಕ್ಕಿಂತ ಕಷ್ಟ, ಏಕೆಂದರೆ ಅದು ಯಾವ ಕಾಲಂನಲ್ಲೂ ಬರೆದಿರುವುದಿಲ್ಲ. ನಮಗೆ ಬೇಕಿದ್ದದ್ದು ಮೂರು: ಬಿಲ್ ಜಾಸ್ತಿ, ಮಷಿನ್‌ಗೆ ಪ್ರೆಶರ್ ಸಾಲುತ್ತಿಲ್ಲ, ಸ್ಟ್ಯಾಂಡ್‌ಬೈ ಕಂಪ್ರೆಸರ್ ಕೂಡ ದಿನವಿಡೀ ಓಡುತ್ತಿದೆ. ಗಾಳಿಯಲ್ಲಿ ನೀರು ಬರುತ್ತದೆ ಎನ್ನುವವರೂ ಸಾಕಷ್ಟು ಇದ್ದರು. ಅದು ಡ್ರೈಯರ್, ಡ್ರೇನ್ ವಾಲ್ವ್‌ನ ವಿಷಯ, ಲೀಕ್ ಸರ್ವೆಯಿಂದ ಬಗೆಹರಿಯುವುದಿಲ್ಲ. ನಮ್ಮಿಂದ ಪರಿಹಾರ ಕೊಡಲಾಗದ ತೊಂದರೆಗೆ ಪತ್ರ ಬರೆಯಬಾರದೆಂದು ಅವರನ್ನು ಬೇರೆ ತೆಗೆದಿಟ್ಟೆವು.

ತೊಂದರೆಯ ಪಕ್ಕದಲ್ಲೇ 'ಹೇಗೆ ಗೊತ್ತು' ಎಂಬ ಇನ್ನೊಂದು ಕಾಲಂ ಹಾಕಿದೆವು. ಅವರೇ ಹೇಳಿದ್ದರೆ A. ನಾವು ಕಣ್ಣಾರೆ ಕಂಡಿದ್ದರೆ, ಉದಾಹರಣೆಗೆ ಭೇಟಿಯ ದಿನ ಎರಡೂ ಕಂಪ್ರೆಸರ್ ಓಡುತ್ತಿದ್ದರೆ, B. ಬರೀ ಊಹೆಯಾದರೆ C. ತೊಂದರೆಯನ್ನು ನೇರವಾಗಿ ಹೆಸರಿಸುವ ಪತ್ರ A, B ಇದ್ದವರಿಗೆ ಮಾತ್ರ. C ಇದ್ದವರಿಗೆ ಒಂದು ಸಾಮಾನ್ಯ ಪತ್ರ, ಅದೂ ಪ್ರಶ್ನೆಯ ರೂಪದಲ್ಲಿ. ಈ ಒಂದು ಕಾಲಂ ಇಲ್ಲದಿದ್ದರೆ ಊಹೆಗಳೆಲ್ಲ ಎರಡೇ ದಿನದಲ್ಲಿ ಶೀಟ್‌ನೊಳಗೆ ಸತ್ಯವಾಗಿಬಿಡುತ್ತವೆ.

ಮೂರು ಹುದ್ದೆ, ಮೂರು ತೊಂದರೆ ಎಂದರೆ ಒಂಬತ್ತು ಪತ್ರ ಆಗಬೇಕು. ಅಷ್ಟು ಬರೆಯಲಿಲ್ಲ. ಇಪ್ಪತ್ತಕ್ಕಿಂತ ಕಡಿಮೆ ಹೆಸರಿರುವ ಹುದ್ದೆ–ತೊಂದರೆ ಜೋಡಿಗೆ ಪ್ರತ್ಯೇಕ ಪತ್ರ ಬೇಡ, ಅವರಿಗೆ ಫೋನ್ ಮಾಡುವುದೇ ಮೇಲು. ಉಳಿದದ್ದು ಮಾಲೀಕರು–ಬಿಲ್, ಪ್ಲಾಂಟ್–ಪ್ರೆಶರ್, ಮೇಂಟೆನೆನ್ಸ್–ಸ್ಟ್ಯಾಂಡ್‌ಬೈ, ಜೊತೆಗೆ ಆ ಸಾಮಾನ್ಯ ಪತ್ರ.

ಸೇವೆ, ದರ, ಸರ್ವೆಗೆ ಹಿಡಿಯುವ ದಿನಗಳು ನಾಲ್ಕರಲ್ಲೂ ಒಂದೇ. ಬದಲಾಗಿದ್ದು ವಿಷಯದ ಸಾಲು, ಮೊದಲ ಎರಡು ವಾಕ್ಯ, ತೋರಿಸುವ ಲೆಕ್ಕ, ಕೊನೆಗೆ ಕೇಳುವ ಕೆಲಸ.

ಮಾಲೀಕರ ಪತ್ರ ರೂಪಾಯಿಯಲ್ಲೇ ಮಾತಾಡಿತು: 'ಸರ್, 7 ಬಾರ್ ಲೈನ್‌ನಲ್ಲಿ 3 ಮಿ.ಮೀ. ತೂತು ಒಂದಿದ್ದರೆ ಅದಕ್ಕೇ ಸುಮಾರು 3 ಕಿಲೋವ್ಯಾಟ್ ಬೇಕು. ವರ್ಷಕ್ಕೆ 6,000 ಗಂಟೆ ಓಡಿದರೆ 18,000 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೂ 1,44,000 ರೂಪಾಯಿ.' ಕೊನೆಗೆ ಕೇಳಿದ್ದು ಹದಿನೈದು ನಿಮಿಷದ ಮಾತುಕತೆ.

ಇದೇ ಲೆಕ್ಕವನ್ನು ಮೇಂಟೆನೆನ್ಸ್‌ನವರಿಗೆ ಕಳಿಸಿದರೆ ತಕ್ಷಣ ತಪ್ಪು ಹಿಡಿಯುತ್ತಾರೆ. ಲೋಡ್–ಅನ್‌ಲೋಡ್ ಕಂಪ್ರೆಸರ್ ಅನ್‌ಲೋಡ್ ಆದಾಗಲೂ, ಅಂದರೆ ಗಾಳಿ ತುಂಬದೆ ಖಾಲಿ ಓಡುವಾಗಲೂ, ಕರೆಂಟ್ ಎಳೆಯುತ್ತಲೇ ಇರುತ್ತದೆ, ಹಾಗಾಗಿ ಮುಚ್ಚಿದ ಲೀಕ್‌ನ ಲೆಕ್ಕದಷ್ಟು ಪೂರ್ತಿ ಉಳಿತಾಯವಾಗುವುದಿಲ್ಲ. ಅವರಿಗೆ ಹಣದ ಬದಲು ಒಂದು ಪರೀಕ್ಷೆ ಕೊಟ್ಟೆವು: 'ಸರ್, ಭಾನುವಾರ ಮಷಿನ್‌ಗಳೆಲ್ಲ ನಿಂತಾಗ ಒಂದೇ ಕಂಪ್ರೆಸರ್ ಹಾಕಿ. ಎಷ್ಟು ಹೊತ್ತು ಲೋಡ್, ಎಷ್ಟು ಹೊತ್ತು ಅನ್‌ಲೋಡ್ ಎಂದು ಐದಾರು ಸುತ್ತು ಬರೆದುಕೊಳ್ಳಿ. ಲೋಡ್ ಸಮಯವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಎಷ್ಟು ಗಾಳಿ ಸೋರುತ್ತಿದೆ ಎಂದು ಸಿಗುತ್ತದೆ.' ಒಂದೂವರೆ ನಿಮಿಷ ಲೋಡ್, ಮೂರೂವರೆ ನಿಮಿಷ ಅನ್‌ಲೋಡ್ ಆದರೆ ಕಂಪ್ರೆಸರ್ ಕೊಡುವ ಗಾಳಿಯ 30% ಸೋರಿಕೆಗೇ ಹೋಗುತ್ತಿದೆ ಎಂದರ್ಥ. ಅವರಿಂದ ಕೇಳಿದ್ದು ಆ ಎರಡು ಸಂಖ್ಯೆ ಮಾತ್ರ. ಭೇಟಿಗೆ ಒಪ್ಪಿಗೆ ಕೊಡುವುದು ಹಲವರ ಕೈಯಲ್ಲಿ ಇರುವುದಿಲ್ಲ, ಅಳತೆ ತೆಗೆಯುವುದು ಇರುತ್ತದೆ.

ಪ್ಲಾಂಟ್ ಮುಖ್ಯಸ್ಥರ ಪತ್ರ ಪ್ರೆಶರ್ ಅಲಾರಂನಿಂದ ಶುರುವಾಯಿತು. ಅಲಾರಂ ಬಂದಾಗಲೆಲ್ಲ ಸೆಟ್ಟಿಂಗ್ ಏರಿಸುವುದು ರೂಢಿ. ಒಂದು ಬಾರ್ ಏರಿಸಿದರೆ ಕಂಪ್ರೆಸರ್‌ನ ವಿದ್ಯುತ್ ಸುಮಾರು 6–7% ಏರುತ್ತದೆ, ಇದ್ದ ತೂತುಗಳಿಂದ ಸೋರುವುದೂ ಹೆಚ್ಚುತ್ತದೆ. ಇಷ್ಟನ್ನೇ ಹೇಳಿ, ಯಾವ ಮಷಿನ್‌ನಲ್ಲಿ ಯಾವ ಹೊತ್ತಿಗೆ ಅಲಾರಂ ಬರುತ್ತದೆ ಎಂದು ಕೇಳಿದೆವು.

ಒಂದೇ ಕಂಪನಿಯ ಇಬ್ಬರು ಮೂವರು ಪಟ್ಟಿಯಲ್ಲಿರುವುದು ಸಾಮಾನ್ಯ, ಇಲ್ಲಿ ಎಡವುವುದು ಸುಲಭ. ಮಾಲೀಕರು ತಮಗೆ ಬಂದ ಪತ್ರವನ್ನು 'ಇದೇನು ನೋಡಿ' ಎಂದು ಮೇಂಟೆನೆನ್ಸ್‌ಗೆ ದಾಟಿಸುತ್ತಾರೆ. ಅದರಲ್ಲಿ 'ನಿರ್ಲಕ್ಷ್ಯ' ಎಂಬ ಒಂದು ಪದವಿದ್ದರೂ ಸಾಕು, ಆ ಮನುಷ್ಯ ನಮಗೆ ಗೇಟಿನ ಒಳಗೆ ಜಾಗ ಕೊಡುವುದಿಲ್ಲ. ಹಾಗಾಗಿ ಪ್ರತಿಯೊಂದು ಪತ್ರವನ್ನೂ ಉಳಿದಿಬ್ಬರ ಕಣ್ಣಿನಿಂದ ಓದಿ ತಿದ್ದಿದೆವು. ಕಂಪನಿಯ ಹೆಸರಿನ ಮೇಲೆ ಸಾರ್ಟ್ ಮಾಡಿ, ಒಂದು ಕಂಪನಿಗೆ ಒಂದು ವಾರದಲ್ಲಿ ಒಬ್ಬರಿಗೆ ಮಾತ್ರ, ಮೊದಲು ಮೇಂಟೆನೆನ್ಸ್‌ಗೆ, ಐದು ಕೆಲಸದ ದಿನ ಬಿಟ್ಟು ಮಾಲೀಕರಿಗೆ ಕಳಿಸಿದೆವು.

ಎಷ್ಟು ಜನ ತೆರೆದು ನೋಡಿದರು ಎಂಬ ಲೆಕ್ಕವನ್ನು ನಂಬಲಿಲ್ಲ. 2021ರಿಂದ ಆಪಲ್ ಮೇಲ್‌ನ ಖಾಸಗಿತನದ ಸೌಲಭ್ಯ ಚಿತ್ರಗಳನ್ನು ತಾನೇ ಮೊದಲೇ ಇಳಿಸಿಕೊಳ್ಳುವುದರಿಂದ, ಓದದ ಪತ್ರವೂ ತೆರೆದಂತೆ ಕಾಣುತ್ತದೆ. ಉತ್ತರಗಳನ್ನೇ ಒಂದು ಕಾಲಂಗೆ ಹಾಕಿ ವಿಂಗಡಿಸಿದೆವು. 'ಇದನ್ನು ನೋಡುವುದು ನಾನಲ್ಲ' ಎಂದರೆ ಹುದ್ದೆ ತಪ್ಪಾಗಿ ಬಿದ್ದಿದೆ. 'ನಮ್ಮಲ್ಲಿ ಆ ಸಮಸ್ಯೆ ಇಲ್ಲ' ಎಂದರೆ ತೊಂದರೆಯ ಗುರುತು ತಪ್ಪು, ಆ ಸಾಲಿನ 'ಹೇಗೆ ಗೊತ್ತು' ಕಾಲಂಗೆ ಹಿಂದಿರುಗಿ ನೋಡಬೇಕು. 'ಬಾಸ್ ಹತ್ತಿರ ಮಾತಾಡಿ' ಎಂದರೆ ಗುಂಪು ಸರಿಯಾಗಿದೆ, ನಾವು ಕೇಳಿದ ಕೆಲಸ ಅವರ ಅಧಿಕಾರಕ್ಕಿಂತ ದೊಡ್ಡದಾಯಿತು. ಅಲ್ಲಿ ಕೊನೆಯ ಸಾಲನ್ನಷ್ಟೇ ಬದಲಿಸಿದರೆ ಸಾಕು. ಒಂದೇ ಬಗೆಯ ಉತ್ತರ ಮೂರು ನಾಲ್ಕು ಸಲ ಬಂದ ಕೂಡಲೇ ಆ ಗುಂಪಿನ ಉಳಿದ ಪತ್ರಗಳನ್ನು ನಿಲ್ಲಿಸಿ ತಿದ್ದುತ್ತೇವೆ, ಅದಕ್ಕಾಗಿಯೇ ಒಂದು ದಿನಕ್ಕೆ ಒಂದು ಗುಂಪಿನಿಂದ ಹದಿನೈದಕ್ಕಿಂತ ಹೆಚ್ಚು ಕಳಿಸುವುದಿಲ್ಲ.