ಶೀಟ್ ಸಾಲುತ್ತಿಲ್ಲ ಅಂದುಕೊಂಡಿದ್ದೆ, ಸಮಸ್ಯೆ ಬಿಸಿನೀರಿನದು

ನಮ್ಮದು 40 ರೂಮಿನ ಹೋಟೆಲ್. ರೂಮಿಗೆ 2 ಶೀಟ್, ಅಂದರೆ ಎಲ್ಲ ರೂಮಿಗೂ ಒಂದು ಸಲ ಹಾಸಲು 80. ಈ ಒಂದು ಪೂರ್ತಿ ಸೆಟ್ಟೇ ಒಂದು ಪಾರ್. ಮೂರು ಪಾರ್ ಇಟ್ಟಿದ್ದೆವು: ಒಂದು ಹಾಸಿಗೆ ಮೇಲೆ, ಒಂದು ಲಾಂಡ್ರಿಯಲ್ಲಿ, ಒಂದು ಕಪಾಟಿನಲ್ಲಿ. ಆದರೂ ಬೆಳಿಗ್ಗೆ ಶೀಟ್ ಸಾಲುತ್ತಿರಲಿಲ್ಲ. ಹೊಸದು ಆರ್ಡರ್ ಮಾಡುವ ಮುಂಚೆ ಒಮ್ಮೆ ಎಣಿಸಿದೆ. ಕಪಾಟಿನಲ್ಲಿ ಬರೀ 31! ಉಳಿದ 49 ಮೂಲೆಯಲ್ಲಿ, ಮತ್ತೆ ಒಗೆಯಬೇಕಾದ ರಾಶಿಯಲ್ಲಿ ಬಿದ್ದಿದ್ದವು.

ಹೆಚ್ಚಿನವಕ್ಕೆ ಕಂದು ಅಂಚಿನ ರಕ್ತದ ಕಲೆ. ಎಲ್ಲವನ್ನೂ ನೇರವಾಗಿ ಬಿಸಿನೀರಿಗೆ ಹಾಕುತ್ತಿದ್ದರು, ಅದರಲ್ಲಿ ರಕ್ತದ ಪ್ರೋಟೀನ್ ಬೆಂದು ನೂಲಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಡ್ರೈಯರ್ ಅದನ್ನು ಇನ್ನೂ ಗಟ್ಟಿ ಮಾಡುತ್ತದೆ.

ಈಗ ಕಲೆಯಾದ ಶೀಟು ರೂಮಿನಲ್ಲೇ ಬೇರೆ ಚೀಲಕ್ಕೆ ಹೋಗುತ್ತದೆ. ಅರ್ಧ ಗಂಟೆ ತಣ್ಣೀರು, ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಎಂಜೈಮ್ ಡಿಟರ್ಜೆಂಟ್. ಇನ್ನೂ ಕಂಡರೆ, ಬಿಳಿ ಹತ್ತಿಗೆ ಮಾತ್ರ 3% ಹೈಡ್ರೋಜನ್ ಪೆರಾಕ್ಸೈಡ್. ಕಲೆ ಪೂರ್ತಿ ಹೋಗದೆ ಡ್ರೈಯರ್‌ಗೆ ಹಾಕೋ ಹಾಗಿಲ್ಲ. ನ್ಯಾಪ್ಕಿನ್‌ನ ಎಣ್ಣೆ ಕಲೆಗೆ ಇದು ಉಲ್ಟಾ: ಒಣಗಿದ ಬಟ್ಟೆಗೇ ಪಾತ್ರೆ ತೊಳೆಯೋ ಲಿಕ್ವಿಡ್ ಉಜ್ಜಿ, ಬಟ್ಟೆ ತಡೆಯುವಷ್ಟು ಬಿಸಿನೀರು.

ಹಳೆ ರಾಶಿಯಲ್ಲಿ 34 ಶೀಟ್ ಉಳಿದವು. ಮಿಕ್ಕ 15 ಒರೆಸೋ ಬಟ್ಟೆಯಾದವು. ಅಷ್ಟನ್ನೇ ಹೊಸದು ತರಿಸಿದೆ.