ಸ್ಕ್ಯಾನ್ ಮಾಡಿದ ರೂಪರೇಖಾ ನಕ್ಷೆಯಲ್ಲಿ ಊರು ಗುರುತಿಸುವಾಗ

ನಕ್ಷೆಯ ಅಭ್ಯಾಸ ಹಾಳೆ ಸ್ಕ್ಯಾನ್ ಆದ ಮೇಲೆ ನದಿ, ಗಡಿ ಎರಡೂ ಒಂದೇ ಥರದ ಕಪ್ಪು ಗೆರೆಯಾಗಿ ಕಾಣುತ್ತವೆ. ಗೆರೆಯನ್ನು ಕೊನೆತನಕ ಹಿಂಬಾಲಿಸಿ. ಕವಲುಗಳು ಬಂದು ಸೇರುತ್ತಿದ್ದರೆ ಹೆಚ್ಚಾಗಿ ಅದು ನದಿ. ಆದರೆ ಕಾಂಗೋ ನದಿಯ ಒಂದು ಭಾಗವೇ ಎರಡು ದೇಶಗಳ ಗಡಿ. ಅಲ್ಲಿ ಬರೀ ಗೆರೆ ನೋಡಿ ಹೇಳೋಕೆ ಆಗಲ್ಲ.

ಊರನ್ನು ಅಂದಾಜಿಗೆ ಚುಕ್ಕೆ ಇಡಬೇಡಿ, ಅಳೆದು ಇಡಿ. ಆಫ್ರಿಕಾ ನಕ್ಷೆಯಲ್ಲಿ ಖಾರ್ಟೂಮ್ ಬೇಕು ಅಂದುಕೊಳ್ಳಿ. ಅದು ಸುಮಾರು 15.5° ಉತ್ತರದಲ್ಲಿದೆ, ಕರ್ಕಾಟಕ ವೃತ್ತ 23.5°ಯಲ್ಲಿ. ಅಂದರೆ ಸಮಭಾಜಕದಿಂದ ಮೂರರಲ್ಲಿ ಎರಡು ಪಾಲು ಮೇಲೆ. ಹಾಳೆಯಲ್ಲಿ ಆ ಎರಡು ಗೆರೆಗಳ ಅಂತರ 6 ಸೆಂ.ಮೀ. ಇದ್ದರೆ 4 ಸೆಂ.ಮೀ. ಮೇಲೆ ಹೋಗಿ, ಬಿಳಿ ನೈಲ್ ಮತ್ತು ನೀಲಿ ನೈಲ್ ಸೇರುವ ಜಾಗ ಹುಡುಕಿ. ಎರಡೂ ಹೊಂದಿದರೆ ಸರಿ. ಹೊಂದದಿದ್ದರೆ ಸ್ಕ್ಯಾನ್ ವಾರೆಯಾಗಿರಬಹುದು, ಸಮಭಾಜಕ ಹಾಳೆಯ ಅಂಚಿಗೆ ಸಮಾನಾಂತರವಾಗಿದೆಯಾ ನೋಡಿ.

ಇಷ್ಟೆಲ್ಲಾ ಮಾಡಿದರೂ ಈ ಅಳತೆಯಲ್ಲಿ 1 ಮಿ.ಮೀ. ಅಂದರೆ ನೆಲದ ಮೇಲೆ 40 ಕಿ.ಮೀ.ಗೂ ಜಾಸ್ತಿ! ಪೆನ್ಸಿಲ್ ಚುಕ್ಕೆಯೇ ಅಷ್ಟಿರುತ್ತೆ, ಅಲ್ವಾ? ಅಕ್ಕಪಕ್ಕದ ಊರುಗಳನ್ನು ಬೇರೆ ಮಾಡಿ ತೋರಿಸೋಕೆ ಈ ಹಾಳೆ ಸಾಲದು. ಇನ್ನು ಸಂಖ್ಯೆಯಲ್ಲಿ ಬರೆದ ಸ್ಕೇಲ್ ನಂಬಬೇಡಿ. ಹಾಳೆ ಹಿಗ್ಗಿಸಿ ಅಥವಾ ಕುಗ್ಗಿಸಿ ಪ್ರಿಂಟ್ ಮಾಡಿದರೆ ಅದು ತಪ್ಪಾಗುತ್ತದೆ. ಗೆರೆಯಲ್ಲಿ ಎಳೆದ ಸ್ಕೇಲ್ ಮಾತ್ರ ನಕ್ಷೆಯ ಜೊತೆಗೇ ಬದಲಾಗುತ್ತದೆ.